ಉತ್ತರ ಬರೆಯಬೇಡ, ಓದಿಕೊಂಡರೆ ಸಾಕು

ಪ್ರಿಯ ಸುಮಾ,

ಫೋನ್ ಮಾಡಿದರೆ ನೀನು ಚಿನ್ಮಯನನ್ನು ಬಿಟ್ಟು ಹೊರಗೆ ಎದ್ದು ಬರಬೇಕಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದಕ್ಕೆ ಉತ್ತರ ಕಳುಹಿಸಬೇಡ. ಅವನು ಕಣ್ಣು ಮುಚ್ಚಿದಾಗ ಸ್ವಲ್ಪ ಸ್ವಲ್ಪವೇ ಓದು. ಓದಲು ಮನಸ್ಸಿಲ್ಲದಿದ್ದರೆ ಕೊನೆಯ ಪ್ಯಾರಾ ಮಾತ್ರ ನೋಡು, ನಾಳೆ ಬೆಳಗಿನ ವಿಷಯ ಅಲ್ಲಿದೆ.

ಸಂಜೆ ನೀನು "ಐಸಿಯುಗೆ ಹಾಕಿಬಿಟ್ಟರು ಜಯಾ" ಎಂದಾಗ "ಎಲ್ಲ ಸರಿಹೋಗುತ್ತದೆ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಅದನ್ನು ಇವತ್ತು ನಿನಗೆ ಎಷ್ಟು ಜನ ಹೇಳಿದರೋ! ಹೇಳಿದವರು ಫೋನ್ ಇಟ್ಟು ಊಟಕ್ಕೆ ಹೋಗುತ್ತಾರೆ, ನೀನು ಮಾತ್ರ ಆ ಮಾನಿಟರಿನ ಮುಂದೆ ಕುಳಿತೇ ಇರುತ್ತೀಯ. ಹೋದ ಮಳೆಗಾಲದಲ್ಲಿ ನಮ್ಮ ಅನನ್ಯಾಳಿಗೆ ಡೆಂಗಿ ಬಂದಾಗ ವೈದ್ಯರು ನನಗೆ ಬಿಡಿಸಿ ಹೇಳಿದ್ದನ್ನು ಮಾತ್ರ ನಿನಗೆ ಹೇಳುತ್ತೇನೆ.

ಬೆಳಿಗ್ಗೆ ಜ್ವರ ಬಿಟ್ಟಿತು, ಸಂಜೆ ಐಸಿಯು ಎಂದರು, ಇದು ಹೇಗೆ ಸಾಧ್ಯ ಎಂದು ಕೇಳಿದೆಯಲ್ಲ. ಡೆಂಗಿಯ ಬುದ್ಧಿಯೇ ಅದು. ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಲು ಶುರುವಾಗುತ್ತದೆ. ಅದು ಸಾಮಾನ್ಯವಾಗಿ 24ರಿಂದ 48 ಗಂಟೆ ಇರುತ್ತದೆ, ಆಮೇಲೆ ಸೋರಿಕೆ ತಾನಾಗಿಯೇ ನಿಲ್ಲುತ್ತದೆ. ಆ ಅವಧಿಯಲ್ಲಿ ಮಗುವಿನ ರಕ್ತದೊತ್ತಡ ಕುಸಿಯದ ಹಾಗೆ ಡ್ರಿಪ್ಪಿನ ಮೂಲಕ ದ್ರವ ಕೊಡುತ್ತಾರೆ. ಅದು ಕಡಿಮೆಯಾಗಲೂಬಾರದು, ಹೆಚ್ಚಾಗಲೂಬಾರದು. ಹೆಚ್ಚಾದರೆ ಎದೆಯಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಆದ್ದರಿಂದಲೇ ನರ್ಸ್ ಗಳಿಗೆಗೊಮ್ಮೆ ಬಂದು ಬಿಪಿ ನೋಡುವುದು, ಮೂತ್ರವನ್ನು ಅಳೆಯುವುದು, ಮತ್ತೆ ಮತ್ತೆ ರಕ್ತ ತೆಗೆಯುವುದು. ವಾರ್ಡಿನಲ್ಲಿ ಅಷ್ಟು ಹತ್ತಿರದಿಂದ ಕಾಯಲು ಆಗುವುದಿಲ್ಲ. ಅವನನ್ನು ಒಳಗೆ ಹಾಕಿರುವುದು ಕೈಮೀರಿತು ಎಂದಲ್ಲ, ಕೈಮೀರದಿರಲಿ ಎಂದು. ಡ್ಯೂಟಿ ಡಾಕ್ಟರ್ ನಿನಗೆ ಹೇಳಿದ್ದೂ ಅದನ್ನೇ, ಆದರೆ ಆ ಗಾಬರಿಯಲ್ಲಿ ನಿನ್ನ ಕಿವಿಗೆ "ಐಸಿಯು" ಒಂದೇ ಬಿದ್ದಿದೆ.

ಅಪಾಯವೇ ಇಲ್ಲ ಎಂದು ನಾನು ಬರೆಯುವುದಿಲ್ಲ. ಈ ಒಂದೆರಡು ದಿನ ಎಚ್ಚರದ ದಿನಗಳೇ. ಆದರೆ ಎಚ್ಚರವಾಗಿರಬೇಕಾದವರು ಎಚ್ಚರವಾಗಿಯೇ ಇದ್ದಾರೆ.

ಪ್ಲೇಟ್ಲೆಟ್ ಸಂಖ್ಯೆಯನ್ನು ಹಿಡಿದು ಜಗ್ಗಾಡಬೇಡ. ಬೆಳಿಗ್ಗೆ 62 ಸಾವಿರ, ಸಂಜೆ 41 ಸಾವಿರ ಎಂದೆ. ನಾಳೆ ಇನ್ನೂ ಇಳಿಯಬಹುದು, ಇಳಿದರೆ ಎದೆ ಒಡೆದುಕೊಳ್ಳಬೇಡ. ರಕ್ತಸ್ರಾವ ಇಲ್ಲದಿದ್ದಾಗ ಸಂಖ್ಯೆ ಇಳಿದ ಮಾತ್ರಕ್ಕೆ ಸಾಮಾನ್ಯವಾಗಿ ಪ್ಲೇಟ್ಲೆಟ್ ಹಾಕುವುದಿಲ್ಲ. ವೈದ್ಯರು ಅದಕ್ಕಿಂತ ಹೆಚ್ಚು ಗಮನವಿಡುವುದು ಪಿಸಿವಿ ಎಂಬ ಇನ್ನೊಂದು ಅಂಕಿಯ ಮೇಲೆ. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಅದು ತೋರಿಸುತ್ತದೆ. ಬೆಳಿಗ್ಗೆ ರೌಂಡ್ಸಿಗೆ ಬಂದಾಗ ಮೂರು ಪ್ರಶ್ನೆ ಕೇಳು: ಪಿಸಿವಿ ಏರುತ್ತಿದೆಯೋ ಇಳಿಯುತ್ತಿದೆಯೋ, ಮೂತ್ರ ಸಾಕಷ್ಟು ಹೋಗುತ್ತಿದೆಯೇ, ಬಿಪಿ ಹೇಗಿದೆ. ಇವನ್ನು ಚೀಟಿಯಲ್ಲಿ ಬರೆದುಕೋ, ಅವರು ಎದುರಿಗೆ ನಿಂತಾಗ ನಮಗೆ ಎಲ್ಲವೂ ಮರೆತುಹೋಗುತ್ತದೆ. ಮಧ್ಯೆ ಹೊಟ್ಟೆನೋವು ಎಂದು ಅತ್ತರೆ, ವಾಂತಿ ನಿಲ್ಲದಿದ್ದರೆ, ಕೈಕಾಲು ತಣ್ಣಗಾದರೆ, ಮೂಗು ಒಸಡಿನಲ್ಲಿ ರಕ್ತ ಕಂಡರೆ, ಎಂದಿಗಿಂತ ಮಂಕಾಗಿ ಬಿದ್ದುಕೊಂಡರೆ ತಕ್ಷಣ ನರ್ಸನ್ನು ಕರೆ. ಆಗಲೇ ಒಮ್ಮೆ ಕರೆದೆನಲ್ಲ ಎಂದು ಸಂಕೋಚ ಬೇಡ. ಅವರು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ಇನ್ನು, ಫೋನಿನಲ್ಲಿ ಅಳುತ್ತಾ ಹೇಳಿದೆಯಲ್ಲ, "ಅಡುಗೆಮನೆ ಕಿಟಕಿಯ ಮನಿಪ್ಲಾಂಟ್ ಬಾಟಲಿಯ ನೀರು ಬದಲಿಸಿರಲಿಲ್ಲ, ನನ್ನಿಂದಲೇ ಆಯಿತು" ಎಂದು. ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ನಾಲ್ಕರಿಂದ ಹತ್ತು ದಿನ ಬೇಕು. ಆ ದಿನಗಳಲ್ಲಿ ಅವನು ಅಂಗನವಾಡಿಯಲ್ಲಿದ್ದ, ಪಾರ್ಕಿನಲ್ಲಿದ್ದ, ನಂಜನಗೂಡಿನ ಮದುವೆಮನೆಯಲ್ಲಿದ್ದ. ಈ ಸೊಳ್ಳೆ ಹಗಲಲ್ಲಿ ಕಚ್ಚುವಂಥದ್ದು. ಎಲ್ಲಿಯದು, ಯಾರ ಮನೆಯದು ಎಂದು ಯಾರು ಹೇಳಬಲ್ಲರು? ತಡವಾಗಿ ಕರೆದುಕೊಂಡು ಹೋದೆ ಎಂಬ ಮಾತೂ ಸುಳ್ಳು. ಜ್ವರ ಬಂದ ಮಾರನೆಯ ದಿನವೇ ತೋರಿಸಿದೆ, ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಕೊಡಲಿಲ್ಲ, ವಾಂತಿ ಶುರುವಾದ ರಾತ್ರಿಯೇ ಸೇರಿಸಿದೆ. ಈ ವೈರಸ್ಸಿಗೆಂದೇ ಕೊಡುವ ಔಷಧಿ ಇನ್ನೂ ಇಲ್ಲ. ಮೊದಲ ದಿನವೇ ಓಡಿದ್ದರೂ ಅದೇ ಪ್ಯಾರಾಸಿಟಮಾಲ್, ಅದೇ ನೀರು, ಅದೇ ಎಳನೀರು.

ಹೇಗೂ ಆ ಬಾಟಲಿಯನ್ನು ಪ್ರಕಾಶ ಇವತ್ತು ಚೆಲ್ಲಿ ಬಂದರು. ಜೊತೆಗೆ ತುಳಸಿ ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಬಚ್ಚಲಮನೆಯ ಡ್ರಮ್ಮು ಎಲ್ಲವನ್ನೂ ಖಾಲಿ ಮಾಡಿ ಬ್ರಷ್ ಹಾಕಿ ಉಜ್ಜಿದ್ದಾರೆ. ಮೊಟ್ಟೆಗಳು ಒಣಗಿದ ಗೋಡೆಗೂ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತವಂತೆ, ಆದ್ದರಿಂದ ಬರೀ ಚೆಲ್ಲಿದರೆ ಸಾಲದು. ನಿನ್ನ ಬಕೆಟ್ ಒಂದು ಒಡೆದಿದೆ. ಕೇಳಿದರೆ ಅದು ಮೊದಲೇ ಸೀಳಿತ್ತು ಎನ್ನುತ್ತಾರೆ.

ಸಿರಿ ನಮ್ಮ ಮನೆಯಲ್ಲಿದ್ದಾಳೆ, ಚಿನ್ಮಯ ಮನೆಗೆ ಬರುವವರೆಗೆ ಇಲ್ಲೇ ಇರುತ್ತಾಳೆ. ಇದನ್ನು ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಸಮವಸ್ತ್ರ, ಪುಸ್ತಕ, ಅವಳ ಆ ಹರಕು ಕೌದಿ ಎಲ್ಲ ತಂದಾಯಿತು. ಬೆಳಿಗ್ಗೆ ಅನನ್ಯಾಳ ಜೊತೆಗೆ ಅವಳನ್ನೂ ಶಾಲೆಗೆ ಬಿಡುತ್ತೇವೆ, ಅವಳ ತರಗತಿಯ ಟೀಚರ್‌ಗೆ ವಿಷಯ ಹೇಳಿದ್ದೇನೆ. ತಮ್ಮನಿಗೆ ಏನಾಗಿದೆ ಎಂದು ಕೇಳಿದಳು. ಮೈಯಲ್ಲಿ ನೀರು ಕಡಿಮೆಯಾಗಿದೆ, ಕೈಗೆ ಸಣ್ಣ ಕೊಳವೆ ಹಾಕಿ ಕೊಡುತ್ತಿದ್ದಾರೆ, ಅಮ್ಮ ಪಕ್ಕದಲ್ಲೇ ಇದ್ದಾಳೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅವನು ಬರುವವರೆಗೆ ಅವನ ಸೈಕಲ್ ನಾನು ಹೊಡೆಯಬಹುದಾ?" ಎಂದಳು. ಹೊಡಿ ಎಂದೆ. ಅವಳ ಮೈ ಬಿಸಿಯೇ ಎಂದು ಬೆಳಿಗ್ಗೆ ಸಂಜೆ ನೋಡುತ್ತಿದ್ದೇನೆ. ಜ್ವರ ಕಂಡರೆ ಅಂದೇ ರಕ್ತ ಪರೀಕ್ಷೆ ಮಾಡಿಸುತ್ತೇನೆ, ನಿನಗೂ ಮುಚ್ಚಿಡುವುದಿಲ್ಲ. ಇಲ್ಲಿಯವರೆಗೆ ಏನೂ ಇಲ್ಲ.

ನಿಮ್ಮತ್ತೆಯ ಜೊತೆ ನಮ್ಮಮ್ಮ ಮಲಗಲು ಹೋಗಿದ್ದಾರೆ. ಇನ್ಸುಲಿನ್ ಹೊತ್ತು, ಪ್ರಮಾಣ ಎರಡನ್ನೂ ಅತ್ತೆಯವರೇ ಬರೆಸಿ ಫ್ರಿಜ್ಜಿಗೆ ಅಂಟಿಸಿದ್ದಾರೆ. ಇಬ್ಬರೂ ಧಾರಾವಾಹಿ ನೋಡುತ್ತಾ ಸೊಸೆಯರ ಬಗ್ಗೆ ಏನು ಮಾತಾಡಿಕೊಳ್ಳುತ್ತಿದ್ದಾರೋ, ಅದನ್ನು ನಾವು ವಿಚಾರಿಸುವುದು ಬೇಡ.

ರಘು ಅವರ ಜೊತೆ ಮಾತಾಡಿದೆ. ನಾಳೆ ಪುಣೆಯಿಂದ ಹೊರಟು ಮಧ್ಯಾಹ್ನ ಬೆಂಗಳೂರಿಗೆ ಇಳಿಯುತ್ತಾರೆ. ವಿಮಾನ ನಿಲ್ದಾಣದಿಂದ ನೇರ ಮೈಸೂರಿಗೆ ಬರುವ ಫ್ಲೈಬಸ್ಸಿನಲ್ಲಿ ಪ್ರಕಾಶ ಸೀಟು ಕಾದಿರಿಸಿದ್ದಾರೆ, ಇಳಿದಾಗ ಕರೆತರಲೂ ಅವರೇ ಹೋಗುತ್ತಾರೆ. ರಾತ್ರಿ ಪಾಳಿ ರಘು ಅವರದು. ಅವರು ಒಪ್ಪಿದ್ದಾರೆ, ನೀನು ಒಪ್ಪುವುದಿಲ್ಲ ಎಂದೂ ಗೊತ್ತು. ಆದರೆ ಮೂರನೆಯ ರಾತ್ರಿಯೂ ನಿದ್ದೆಗೆಟ್ಟರೆ ವೈದ್ಯರು ಹೇಳಿದ ಮಾತು ತಲೆಗೆ ಹೋಗುವುದಿಲ್ಲ, ಜಗಳವನ್ನು ನಾಳೆ ಎದುರಿಗೇ ಆಡೋಣ.

ವಿಮೆಯ ಕೆಲಸ ನನಗೆ ಬಿಡು. ಅವರ ಕಂಪನಿಯ ಪಾಲಿಸಿ ಕಾರ್ಡು, ಮಗುವಿನ ಆಧಾರ್ ರಘು ಅವರೇ ಕಳುಹಿಸಿದ್ದಾರೆ. ನಗದುರಹಿತ ಚಿಕಿತ್ಸೆಯ ಅರ್ಜಿ ಕೊಟ್ಟಿದ್ದು ವಾರ್ಡಿನ ಅಂದಾಜಿಗೆ, ಈಗ ಐಸಿಯು ಆಗಿರುವುದರಿಂದ ಹೆಚ್ಚುವರಿ ಮಂಜೂರಾತಿ ಬೇಕು. ನಾಳೆ ವಿಮೆ ಕೌಂಟರ್ ತೆರೆದ ಕೂಡಲೇ ನಿಂತು ಮಾಡಿಸುತ್ತೇನೆ. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿಯಾಗಿದೆ. ನೀನು ಮಾಡಬೇಕಾದದ್ದು ಇಷ್ಟೇ: ಪ್ರತಿ ವರದಿ, ಪ್ರತಿ ಬಿಲ್ಲಿನ ಫೋಟೊ ತೆಗೆದು ನನಗೆ ಕಳುಹಿಸು, ಮೂಲ ಕಾಗದಗಳನ್ನು ನೀಲಿ ಫೈಲಿನಲ್ಲಿ ಹಾಕು. ಕೈಗವಸು, ಡೈಪರ್‌ನಂಥ ಸಣ್ಣಪುಟ್ಟದಕ್ಕೆ ವಿಮೆಯವರು ಕೊಡುವುದಿಲ್ಲ, ಅದಕ್ಕೆ ಕೈಯಲ್ಲಿ ಹಣ ಬೇಕು. ನಿನ್ನ ಖಾತೆಗೆ 25 ಸಾವಿರ ಹಾಕಿದ್ದೇನೆ. ಸಾಲವೆಂದೇ ಇಟ್ಟುಕೋ, ಎಲ್ಲ ಮುಗಿದ ಮೇಲೆ ನಿಧಾನವಾಗಿ ಕೊಡು. ಈಗ ಅದರ ಬಗ್ಗೆ ಮಾತು ಬೇಡ.

ಬಂಧುಗಳ ಫೋನಿನಿಂದ ಸಾಕಾಗಿದೆ ಎಂದೆ. ನಿಮ್ಮ ಕುಟುಂಬದ ಗುಂಪಿಗೆ ರಘು ಅವರ ಹೆಸರಿನಲ್ಲಿ ಹಾಕಲು ಇದನ್ನು ಬರೆದಿಟ್ಟಿದ್ದೇನೆ:

"ಚಿನ್ಮಯನಿಗೆ ಡೆಂಗಿ. ನಿಗಾ ಇಡಲು ಮಕ್ಕಳ ಐಸಿಯುನಲ್ಲಿ ಇಟ್ಟಿದ್ದಾರೆ. ಒಬ್ಬರಿಗೆ ಮಾತ್ರ ಒಳಗೆ ಬಿಡುತ್ತಾರೆ, ದಯವಿಟ್ಟು ಆಸ್ಪತ್ರೆಗೆ ಬರಬೇಡಿ. ಸುಮಾಳಿಗೆ ಫೋನ್ ಮಾಡಬೇಡಿ. ದಿನವೂ ಸಂಜೆ ಏಳಕ್ಕೆ ಇಲ್ಲೇ ವಿಷಯ ತಿಳಿಸುತ್ತೇನೆ. ಏನಾದರೂ ಕೇಳುವುದಿದ್ದರೆ ಸುಮಾಳ ಗೆಳತಿ ಜಯಾ ಅವರನ್ನು ಕೇಳಿ."

ಬೇಡವೆಂದರೆ "ಬೇಡ" ಎಂದು ಒಂದು ಪದ ಹಾಕು. ಇಲ್ಲದಿದ್ದರೆ ಬೆಳಿಗ್ಗೆ ಎಂಟಕ್ಕೆ ರಘು ಅವರು ಹಾಕುತ್ತಾರೆ. ನಿಮ್ಮ ದೊಡ್ಡತ್ತೆ ಪಪ್ಪಾಯಿ ಎಲೆಯ ರಸ ಹಿಂಡಿ ಕಳುಹಿಸಿದರೆ ನನ್ನ ಬಳಿಗೇ ಬರಲಿ, "ತಲುಪಿತು ದೊಡ್ಡಮ್ಮ" ಎಂದು ವಿನಯದಿಂದ ಹೇಳುತ್ತೇನೆ. ವಾಂತಿ ಮಾಡಿಕೊಳ್ಳುತ್ತಿರುವ ನಾಲ್ಕು ವರ್ಷದ ಮಗುವಿಗೆ ಆ ಕಹಿಯನ್ನು ಕುಡಿಸುವವರು ಮೊದಲು ತಾವು ಒಂದು ಲೋಟ ಕುಡಿದು ತೋರಿಸಬೇಕು. ದಾಳಿಂಬೆ, ಬೀಟ್‌ರೂಟ್ ರಸವೂ ಈಗ ಬೇಡ. ವಾಂತಿಯಾದಾಗ ಅದರ ಬಣ್ಣ ರಕ್ತದಂತೆ ಕಂಡು ಎಲ್ಲರೂ ಗಾಬರಿಯಾಗುತ್ತಾರೆ. ಬಾಯಿಗೆ ಏನು ಕೊಡಬೇಕೆಂದು ಒಳಗಿನವರೇ ಹೇಳಲಿ. ರಕ್ತ ಬೇಕಾದರೆ ಯಾರನ್ನು ಕೇಳುವುದು ಎಂಬ ಚಿಂತೆಯೂ ಬೇಡ. ನನ್ನ ತಮ್ಮ ಮತ್ತು ಅವನ ಇಬ್ಬರು ಸಹೋದ್ಯೋಗಿಗಳು ಚಿನ್ಮಯನದೇ ಗುಂಪಿನವರು, ಕರೆದರೆ ಬರುತ್ತಾರೆ. ವೈದ್ಯರು ಕೇಳಿದಾಗ ಮಾತ್ರ.

ದೇವರ ವಿಷಯ. ಚಾಮುಂಡಿಬೆಟ್ಟಕ್ಕೆ ಹರಕೆ ಹೊತ್ತೆ ಎಂದೆ. ಒಳ್ಳೆಯದು, ಮಗು ಓಡಾಡುವಂತಾದ ಮೇಲೆ ಜೊತೆಗೇ ಹೋಗೋಣ. ಸಾವಿರ ಮೆಟ್ಟಿಲನ್ನೂ ಹತ್ತುತ್ತೇನೆ ಎಂದು ಹೊತ್ತಿದ್ದರೆ ಮಾತ್ರ ನಾನು ಬಸ್ಸಿನಲ್ಲಿ ಬಂದು ಮೇಲೆ ಕಾಯುತ್ತೇನೆ, ನನ್ನ ಮಂಡಿಯ ಕಥೆ ನಿನಗೆ ಗೊತ್ತಲ್ಲ.

ನಾಳೆ ಬೆಳಿಗ್ಗೆ ಏಳೂವರೆಗೆ ಕೆಳಗೆ ಔಷಧಿ ಅಂಗಡಿಯ ಪಕ್ಕದ ಬೆಂಚಿನ ಹತ್ತಿರ ಇರುತ್ತೇನೆ. ಉದ್ದನೆಯ ಚಾರ್ಜರ್, ನಿನ್ನ ಹತ್ತಿ ಸೀರೆ ಎರಡು, ಒಂದು ಸ್ವೆಟರ್, ಡಬ್ಬಿಯಲ್ಲಿ ಅಕ್ಕಿರೊಟ್ಟಿ, ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ. ಅಟೆಂಡರ್ ಪಾಸ್ ನನಗೆ ಕೊಟ್ಟು ಕೆಳಗೆ ಬಾ. ರೌಂಡ್ಸ್ ಒಂಬತ್ತೂವರೆಗೆ, ಅಷ್ಟರೊಳಗೆ ನಿನ್ನನ್ನು ಪ್ರಕಾಶ ಮನೆಗೆ ಬಿಟ್ಟು ವಾಪಸ್ ಕರೆತರುತ್ತಾರೆ. ಸ್ನಾನ ಮಾಡು, ಸಿರಿ ಶಾಲೆಗೆ ಹೋಗುವ ಮೊದಲು ಅವಳ ಮುಖ ನೋಡು. ಆ ಹೊತ್ತಿನಲ್ಲಿ ಚಿನ್ಮಯ ಎದ್ದರೆ ನನ್ನ ಬಳಿ ಅವನ ಕೆಂಪು ಜೆಸಿಬಿ ಇದೆ. ಏನಾದರೂ ಬದಲಾದರೆ ಅದೇ ಕ್ಷಣ ಫೋನ್ ಮಾಡುತ್ತೇನೆ. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಬರುತ್ತೇನೆ, ನಿಮ್ಮ ಆಸ್ಪತ್ರೆ ಸರಸ್ವತಿಪುರಂನಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ, ನನ್ನ ಫೋನಿನ ಸದ್ದು ಆರಿಸಿಲ್ಲ.

ನಿನ್ನ,
ಜಯಾ