ವಿಷಯ: ಬಿಲ್ಲಿಂಗ್ ರಿಲೀಸ್ – ನಾಳೆ 11ಕ್ಕೆ 20 ನಿಮಿಷ ಕಾಲ್‌ನಲ್ಲಿ ಮಾತಾಡೋಣ

ಎಲ್ಲರಿಗೂ ನಮಸ್ಕಾರ,

ಬೆಳಿಗ್ಗೆಯಿಂದ ಬಂದ ಮೇಲ್‌ಗಳನ್ನು ಈಗ ಕೂತು ಮೊದಲಿನಿಂದ ಓದಿದೆ. ಇದು ಇನ್ನು ಮೇಲ್‌ನಲ್ಲಿ ಬಗೆಹರಿಯೋ ಹಾಗೆ ಕಾಣುತ್ತಿಲ್ಲ. ನಾಳೆ ಬುಧವಾರ ಬೆಳಿಗ್ಗೆ 11ಕ್ಕೆ ಒಂದು ಕಾಲ್ ಇಟ್ಟುಕೊಳ್ಳೋಣ, 20 ನಿಮಿಷ ಸಾಕು. ಇನ್ವೈಟ್ ಕಳಿಸಿದ್ದೇನೆ.

ಡೆವಲಪ್‌ಮೆಂಟ್, ಟೆಸ್ಟಿಂಗ್, ಅಕೌಂಟ್ಸ್, ಸಪೋರ್ಟ್, ಈ ನಾಲ್ಕೂ ಕಡೆಯಿಂದ ಒಬ್ಬೊಬ್ಬರು ಬಂದರೆ ಸಾಕು, ಆದರೆ ಬರುವವರು ಅಲ್ಲೇ ಹೂಂ ಅಥವಾ ಉಹೂಂ ಅನ್ನಬಲ್ಲವರಾಗಿರಲಿ, ಇಲ್ಲದಿದ್ದರೆ "ಕೇಳಿ ಹೇಳ್ತೀನಿ" ಅಂತ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೇವೆ. ಸಿಸಿಯಲ್ಲಿರುವ ಉಳಿದವರು ಬರಲೇಬೇಕು ಅಂತೇನಿಲ್ಲ. ಏನು ತೀರ್ಮಾನವಾಯಿತು ಅಂತ ನಾಳೆ ಮಧ್ಯಾಹ್ನದೊಳಗೆ ಇದೇ ಥ್ರೆಡ್‌ನಲ್ಲಿ ಬರೆಯುತ್ತೇನೆ.

ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ಕಾಲ್‌ನಲ್ಲಿ ತಿದ್ದಿ. ಬಿಲ್‌ನಲ್ಲಿ ಬರುವ ಮೊತ್ತಕ್ಕೂ ಅಕೌಂಟ್ಸ್ ಶೀಟ್‌ನ ಮೊತ್ತಕ್ಕೂ ತಾಳೆಯಾಗುತ್ತಿಲ್ಲ ಅಂತ ಟೆಸ್ಟಿಂಗ್‌ನವರು ಹೇಳುತ್ತಿದ್ದಾರೆ. ಲೆಕ್ಕ ಸರಿಯಾಗೇ ಇದೆ ಅಂತ ಡೆವಲಪ್‌ಮೆಂಟ್‌ನವರು ಹೇಳುತ್ತಿದ್ದಾರೆ. ಎರಡೂ ಕಡೆಯ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ನೋಡಿದೆ. ಇಬ್ಬರು ಹೇಳುತ್ತಿರುವುದೂ ಸರಿಯೇ. ಬಿಲ್‌ನಲ್ಲಿ ಒಂದೊಂದು ಸಾಲಿನ ತೆರಿಗೆಯನ್ನೂ ಬೇರೆಬೇರೆ ರೌಂಡ್ ಮಾಡಿ ಆಮೇಲೆ ಕೂಡುತ್ತಿದ್ದೇವೆ, ಶೀಟ್‌ನಲ್ಲಿ ಎಲ್ಲ ಕೂಡಿದ ಮೇಲೆ ಒಂದೇ ಸಲ ರೌಂಡ್ ಆಗುತ್ತಿದೆ. ಮೂರು ಸಾಲಿನಲ್ಲಿ ತಲಾ 10.4 ತೆರಿಗೆ ಇದೆ ಅಂತಿಟ್ಟುಕೊಳ್ಳಿ. ಮೊದಲನೇ ರೀತಿಯಲ್ಲಿ 30 ಬರುತ್ತದೆ, ಎರಡನೇ ರೀತಿಯಲ್ಲಿ 31.2, ಅಂದರೆ 31. ಯಾವುದು ಬೇಕು ಅಂತ ನಮ್ಮ ರಿಕ್ವೈರ್‌ಮೆಂಟ್‌ನಲ್ಲಿ ಬರೆದೇ ಇಲ್ಲ. ಹಾಗಾಗಿ ಇಲ್ಲಿ ಯಾರೋ ಕೆಲಸ ಸರಿಯಾಗಿ ಮಾಡಿಲ್ಲ ಅನ್ನೋ ಮಾತೇ ಬರುವುದಿಲ್ಲ.

ನಾಳೆ ಮೊದಲು ತೀರ್ಮಾನ ಆಗಬೇಕಿರೋದು ಇದೇ, ಎಲ್ಲಿ ರೌಂಡ್ ಮಾಡಬೇಕು ಅನ್ನೋದು. ಇದರಲ್ಲಿ ಅಕೌಂಟ್ಸ್‌ನವರ ಮಾತೇ ಕೊನೆಯದು ಅಂತ ಇಟ್ಟುಕೊಳ್ಳೋಣ, ಯಾಕೆಂದರೆ ತಿಂಗಳ ಕೊನೆಗೆ ಲೆಕ್ಕ ಹೊಂದಿಸಬೇಕಾದವರು ಅವರು. ಒಂದು ಸಾಮಾನು ಮಾತ್ರ ವಾಪಸ್ ಬಂದಾಗ ಎಷ್ಟು ಹಣ ಹಿಂದಿರುಗಿಸಬೇಕು ಅನ್ನೋದೂ ಇದರ ಮೇಲೇ ನಿಂತಿದೆ. ದಯವಿಟ್ಟು ಅದಕ್ಕೂ ಒಂದು ಉದಾಹರಣೆ ತಯಾರು ಮಾಡಿಕೊಂಡು ಬನ್ನಿ.

ಆಮೇಲೆ ಗುರುವಾರದ ರಿಲೀಸ್. ರಿಟರ್ನ್ಸ್ ಭಾಗವನ್ನು ಆಫ್ ಮಾಡಿ ಉಳಿದದ್ದನ್ನು ಬಿಡಬಹುದಾ, ಇಲ್ಲಾ ಪೂರ್ತಿ ಸೋಮವಾರಕ್ಕೆ ಹಾಕಬೇಕಾ? ಆಫ್ ಮಾಡೋ ಸೆಟ್ಟಿಂಗ್ ಇದೆ ಅಂತ ಮೇಲ್‌ನಲ್ಲಿ ಬಂದಿದೆ, ಅದನ್ನು ಆಫ್ ಇಟ್ಟು ಟೆಸ್ಟ್ ಮಾಡಿಲ್ಲ ಅಂತಲೂ ಬಂದಿದೆ. ಟೆಸ್ಟ್ ಮಾಡೋಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಾದರೆ ಉತ್ತರ ತಾನಾಗೇ ಸಿಗುತ್ತದೆ. ಸಪೋರ್ಟ್‌ನವರು ಗ್ರಾಹಕರಿಗೆ ಗುರುವಾರ ಅಂತ ಹೇಳಿಬಿಟ್ಟಿದ್ದಾರೆ, ಅವರಿಗೆ ನಾಳೆ ಮಧ್ಯಾಹ್ನದೊಳಗೆ ಒಂದು ಖಚಿತ ಮಾತು ಕೊಡಲೇಬೇಕು.

ಬಿಲ್ಡ್ ಯಾಕೆ ತಡವಾಯಿತು, ನಡುವೆ ಬದಲಾವಣೆ ಕೇಳಿದ್ದು ಯಾರು, ಇದನ್ನು ನಾಳೆ ಎತ್ತಿಕೊಳ್ಳೋದು ಬೇಡ. ಸಣ್ಣ ವಿಷಯ ಅಂತಲ್ಲ. ಎರಡನ್ನೂ ಒಟ್ಟಿಗೆ ಹಿಡಿದರೆ 20 ನಿಮಿಷ ಅದಕ್ಕೇ ಹೋಗುತ್ತದೆ, ಅಲ್ವಾ? ರಿಲೀಸ್ ಮುಗಿದ ಮೇಲೆ ಅದಕ್ಕೇ ಅಂತ ಬೇರೆ ಮೀಟಿಂಗ್ ನಾನೇ ಕರೆಯುತ್ತೇನೆ.

ಇನ್ನೊಂದು ಮಾತು. ಮಧ್ಯಾಹ್ನದ ಎರಡು ಮೇಲ್‌ಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದಿವೆ. ಒಬ್ಬರದ್ದನ್ನು ನೋಡದೆ ಇನ್ನೊಬ್ಬರು ಬರೆದದ್ದು ಉತ್ತರದ ಹಾಗೆ ಓದಿಸಿಕೊಂಡಿದೆ, ಮಾತು ಬಿಸಿಯೇರಿದ್ದು ಅಲ್ಲಿಂದಲೇ ಅನ್ನಿಸುತ್ತದೆ. ಬರೆದವರ ಮನಸ್ಸಿನಲ್ಲಿ ಅಷ್ಟು ಖಾರ ಇತ್ತು ಅಂತ ನನಗಂತೂ ಅನ್ನಿಸಿಲ್ಲ. ಎದುರಿಗೆ ಮಾತಾಡುವಾಗ ಎಲ್ಲರೂ ಚೆನ್ನಾಗೇ ಇರುತ್ತೀರಿ.

ಅಲ್ಲಿಯವರೆಗೆ ಈ ಥ್ರೆಡ್‌ಗೆ ಉತ್ತರ ಬರೆಯೋದು ಸ್ವಲ್ಪ ನಿಲ್ಲಿಸೋಣ. ಲಾಗ್, ಸ್ಕ್ರೀನ್‌ಶಾಟ್, ಹೊಸದಾಗಿ ಸಿಕ್ಕ ಬಗ್ ಏನಾದರೂ ಇದ್ದರೆ ಟಿಕೆಟ್‌ಗೆ ಹಾಕಿ, ಅಲ್ಲಿ ಹುಡುಕೋಕೂ ಸುಲಭ. ಕಾಲ್‌ಗೆ ಮೊದಲೇ ನನ್ನ ಹತ್ತಿರ ಏನಾದರೂ ಹೇಳಬೇಕು ಅನ್ನಿಸಿದರೆ ಇವತ್ತು ಸಂಜೆ 7ರವರೆಗೆ ಸಿಗುತ್ತೇನೆ, ಸುಮ್ನೆ ಫೋನ್ ಮಾಡಿ.

11 ಗಂಟೆ ಯಾರಿಗಾದರೂ ಆಗೋದಿಲ್ಲ ಅಂದರೆ ಇವತ್ತೇ ನನಗೊಬ್ಬನಿಗೆ ತಿಳಿಸಿ, 12ಕ್ಕೆ ಹಾಕುತ್ತೇನೆ. ಅದಕ್ಕಿಂತ ತಡ ಮಾಡೋ ಹಾಗಿಲ್ಲ.

ವಂದನೆಗಳು,
ರಿಲೀಸ್ ಕೋಆರ್ಡಿನೇಟರ್