ಅಪ್ಪನ ಟ್ರಂಕು: ಮೊದಲ ಮೇಲ್‌ಗಳ ಶುರುವಿನ ಸಾಲುಗಳು

ಅಕ್ಕ, ಟ್ರಂಕಿನಲ್ಲಿರುವ ಸಾಮಾನು ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಫಿಲ್ಮಿನವರು ಬೇರೆ, ಟೇಪಿನವರು ಬೇರೆ, ಕಾಗದದವರು ಬೇರೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಶುರು ಬರೆದಿದ್ದೇನೆ. ಇವರಲ್ಲಿ ಯಾರನ್ನೂ ಕೇಳುವಂಥ ಸರಿಯಾದ ಪ್ರಶ್ನೆ ನಮ್ಮ ಹತ್ತಿರ ಇನ್ನೂ ಇಲ್ಲ. ಇಲ್ಲದ ಪ್ರಶ್ನೆ ಹುಟ್ಟಿಸಿ ಕೇಳುವುದು ನನಗೆ ಬೇಡ ಅನಿಸಿತು. ‘ಎಷ್ಟಾಗುತ್ತೆ?’ ಅಂತ ಶುರು ಮಾಡಿದರೆ ರೇಟು ಮಾತ್ರ ಬರುತ್ತದೆ. ನಮ್ಮ ಹತ್ತಿರ ಏನಿದೆ, ಹೇಗಿದೆ, ಯಾವುದನ್ನು ನಾವು ಮುಟ್ಟಿಲ್ಲ, ಇಷ್ಟನ್ನು ಮೊದಲು ಹೇಳೋಣ. ಉಳಿದದ್ದನ್ನು ಕೆಲಸ ಗೊತ್ತಿರುವವರೇ ಎತ್ತಲಿ. ಓದಿ, ಬೇಕಾದ ಕಡೆ ತಿದ್ದು.

ನೆಗೆಟಿವ್ ಸ್ಕ್ಯಾನ್ ಮಾಡುವ ಸ್ಟುಡಿಯೋಗೆ

ವಿಷಯ: ಅಪ್ಪನ ಹಳೆಯ ನೆಗೆಟಿವ್‌ಗಳು, ಕೆಲಸ ಕೊಡುವ ಮೊದಲು ಒಂದು ಮಾತು

ನಮಸ್ಕಾರ,

ನಿಮಗೆ ಮೊದಲ ಸಲ ಬರೆಯುತ್ತಿದ್ದೇನೆ. ಈ ಮೇಲ್‌ನಲ್ಲಿ ಇಂಥದ್ದೇ ಅನ್ನುವ ಪ್ರಶ್ನೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನು ಇದೆ, ಅದು ಉಳಿಯಬೇಕು ಅನ್ನುವ ಆಸೆ ಇದೆ. ಎಲ್ಲಿಂದ ಕೈ ಹಚ್ಚಬೇಕು ಅನ್ನುವುದು ಮಾತ್ರ ಗೊತ್ತಿಲ್ಲ.

ನಮ್ಮ ತಂದೆ ಹವ್ಯಾಸಕ್ಕೆ ಫೋಟೋ ತೆಗೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದೆವು. ಅದರಲ್ಲಿ 1970ರಿಂದ 1990ರ ಸುಮಾರಿನವರೆಗಿನ ನೆಗೆಟಿವ್‌ಗಳು ಸಿಕ್ಕಿವೆ. ಹೆಚ್ಚಿನವು 35 ಎಂಎಂ ಪಟ್ಟಿಗಳು. ಚೌಕವಾದ ದೊಡ್ಡ ನೆಗೆಟಿವ್‌ಗಳೂ ಕೆಲವು ಇವೆ. ಅವರು ಲಕೋಟೆಗಳ ಮೇಲೆ ಪೆನ್ಸಿಲಿನಲ್ಲಿ ವರ್ಷ, ಜಾಗ ಬರೆದಿದ್ದಾರೆ. ಆ ಲಕೋಟೆ ಮತ್ತು ಅದರೊಳಗಿನ ಪಟ್ಟಿ ಬೇರೆ ಬೇರೆ ಆಗಬಾರದು ಅನ್ನುವುದೊಂದು ನಮಗೆ ಈಗಲೇ ಖಚಿತವಾಗಿ ಗೊತ್ತು. ಬರಹ ಹೋದರೆ ಫೋಟೋದಲ್ಲಿರುವವರು ಯಾರು ಅಂತ ಹೇಳುವವರು ಇನ್ನು ಯಾರೂ ಇಲ್ಲ.

ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಒಳಗಿನ ಪಟ್ಟಿಗಳ ಅಂಚು ಸುರುಳಿಯಾಗಿದೆ. ಎರಡು ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಅಸಿಟೇಟ್ ಫಿಲ್ಮ್ ಕೆಡುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದರಿಂದ ಹತ್ತಿರದ ಒಳ್ಳೆಯ ಫಿಲ್ಮೂ ಬೇಗ ಕೆಡುತ್ತದೆ ಅಂತ ಓದಿದ್ದೇನೆ. ಹಾಗಾಗಿ ಆ ಡಬ್ಬಿಯನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದೇವೆ. ಅಂಟಿದ್ದನ್ನು ಬಿಡಿಸಲು ಹೋಗಿಲ್ಲ. ಬಟ್ಟೆಯಿಂದ ಒರೆಸಿಲ್ಲ, ನೀರು ತಾಗಿಸಿಲ್ಲ.

ಇದರ ಜೊತೆಗೆ ಫೋಟೋ ತೆಗೆದು ಮುಗಿಸಿ, ತೊಳೆಸದೇ ಉಳಿದಿರುವ ಮೂರು ರೋಲ್‌ಗಳಿವೆ. ಎರಡರ ಮೇಲೆ C-41 ಅಂತಿದೆ. ಮೂರನೆಯದು ಕೊಡಾಕ್ರೋಮ್. ಕೊಡಾಕ್ರೋಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬ್ 2010ರ ಕೊನೆಗೇ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು ಅನ್ನುವುದು ಗೊತ್ತಿದೆ. ಆದ್ದರಿಂದ ಬಣ್ಣದ ಆಸೆ ಇಟ್ಟುಕೊಂಡಿಲ್ಲ. ಕಪ್ಪು ಬಿಳುಪಿನಲ್ಲಾದರೂ ಒಂದು ಮುಖ ಕಂಡರೆ ಸಾಕು.

ಈಗಲೇ ರೇಟು ಹೇಳಬೇಕಾಗಿಲ್ಲ. ಇಷ್ಟು ಓದಿದಾಗ ಮೊದಲು ಯಾವುದರ ಬಗ್ಗೆ ನಿಮಗೆ ಗಾಬರಿಯಾಯಿತು, ಅದೊಂದನ್ನು ಹೇಳಿ. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ.

*(ಅಕ್ಕ, ಇದು ಉದ್ದವಾಯಿತು ಅಂತ ನಿನಗೆ ಅನಿಸಬಹುದು. ಆದರೂ ವಾಸನೆಯ ವಿಷಯ, ತೊಳೆಸದ ರೋಲಿನ ವಿಷಯ ಬಿಡಬೇಡ. ಅವೆರಡನ್ನು ನೋಡಿದ ಕೂಡಲೇ ಅವರಿಗೆ ನಮ್ಮ ಕೆಲಸ ಎಂಥದ್ದು ಅಂತ ಅರ್ಥವಾಗುತ್ತದೆ. ಚಿಕ್ಕದು ಬೇಕಾದರೆ ಮೂರನೇ ಪ್ಯಾರಾದಿಂದ ಕಳಿಸು.)*

ವಿಡಿಯೋ, ಆಡಿಯೋ ಕ್ಯಾಸೆಟ್ ನೋಡುವವರಿಗೆ

ವಿಷಯ: ಕ್ಯಾಸೆಟ್‌ಗಳಿವೆ, ಪ್ಲೇ ಮಾಡಲು ಧೈರ್ಯ ಬರುತ್ತಿಲ್ಲ

ನಮಸ್ಕಾರ,

ನಮ್ಮ ಮನೆಯಲ್ಲಿ ಒಂಬತ್ತು ವಿಎಚ್‌ಎಸ್ ಕ್ಯಾಸೆಟ್ ಮತ್ತು ಒಂದು ಶೂ ಡಬ್ಬಿಯ ತುಂಬ ಆಡಿಯೋ ಕ್ಯಾಸೆಟ್‌ಗಳಿವೆ. ಇವುಗಳಲ್ಲಿ ಏನಿದೆ ಅಂತ ನಮಗೆ ಪೂರ್ತಿ ಗೊತ್ತಿಲ್ಲ. ಅದಕ್ಕೇ ಏನು ಕೇಳಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ. ಕಂಡಷ್ಟನ್ನು ಬರೆಯುತ್ತೇನೆ.

ಎರಡು ವಿಎಚ್‌ಎಸ್ ಕ್ಯಾಸೆಟ್‌ಗಳ ಕಿಟಕಿಯಲ್ಲಿ ನೋಡಿದರೆ, ಸುತ್ತಿದ ಟೇಪಿನ ಅಂಚಿನ ಮೇಲೆ ಬಿಳಿ ಪುಡಿಯಂಥದ್ದು ಕೂತಿದೆ. ಬೂಷ್ಟು ಇರಬೇಕು. ಅವೆರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಇಟ್ಟಿದ್ದೇವೆ. ಬೂಷ್ಟು ಹಿಡಿದ ಟೇಪನ್ನು ಓಡಿಸಿದರೆ ಪ್ಲೇಯರಿಗೂ ಅಂಟುತ್ತದೆ, ಆಮೇಲೆ ಅದೇ ಪ್ಲೇಯರಿಗೆ ಹಾಕಿದ ಒಳ್ಳೆಯ ಟೇಪಿಗೂ ಅಂಟುತ್ತದೆ ಅನ್ನುವ ಭಯಕ್ಕೆ ಯಾವುದನ್ನೂ ಹಾಕಿಲ್ಲ, ರಿವೈಂಡ್ ಕೂಡ ಮಾಡಿಲ್ಲ. ಅಪ್ಪನ ವಿಸಿಆರ್ ಇದೆ. ವರ್ಷಗಳಿಂದ ಕರೆಂಟ್ ಕೊಟ್ಟಿಲ್ಲ.

ಆಡಿಯೋ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಅಂಗಡಿಯಿಂದ ತಂದ ಹಾಡಿನವು. ಅವು ಹೋದರೂ ಪರವಾಗಿಲ್ಲ. ಒಂದಕ್ಕೆ ಲೇಬಲ್ ಇಲ್ಲ. ಅದರ ಬೆನ್ನಿನ ಎರಡೂ ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಅಪ್ಪ ಮುರಿದಿಟ್ಟಿದ್ದಾರೆ. ಅದರ ಮೇಲೆ ಬೇರೇನೂ ರೆಕಾರ್ಡ್ ಆಗಬಾರದು ಅಂತಲೇ ಹಾಗೆ ಮಾಡಿದ್ದಾರೆ, ಅಲ್ವಾ? ಹೊಸ ಕ್ಯಾಸೆಟ್ ದುಡ್ಡು ಕೊಟ್ಟು ತರುವ ಬದಲು ಹಳೆಯದರ ಮೇಲೇ ಹಾಡು ತುಂಬಿಸುತ್ತಿದ್ದವರು ಅವರು. ಇದೊಂದನ್ನು ಮಾತ್ರ ಕಾಪಾಡಿದ್ದಾರೆ. ನಮ್ಮ ಅಜ್ಜಿಯ ದನಿ ಇರಬಹುದು ಅನ್ನುವುದು ನಮ್ಮ ಊಹೆ. ಅವರು ಮಾತಾಡಿದ್ದು ಬೇರೆಲ್ಲೂ ಉಳಿದಿಲ್ಲ.

ಹೊಸ ವಿಸಿಆರ್ ತಯಾರಿಕೆ 2016ರಲ್ಲೇ ನಿಂತಿದೆ. ಇದನ್ನೆಲ್ಲ ಮುಂದಕ್ಕೆ ತಳ್ಳಿದಷ್ಟೂ ಕಷ್ಟ ಅಂತ ತಿಳಿದೇ ಬರೆಯುತ್ತಿದ್ದೇನೆ. ಇವನ್ನು ಒಮ್ಮೆ ತಂದು ತೋರಿಸಬಹುದೇ? ಅಥವಾ ತರುವ ಮೊದಲು ನಾನು ಇನ್ನೇನಾದರೂ ನೋಡಿ ಹೇಳಬೇಕೇ? ನೀವು ಹೇಳುವವರೆಗೆ ಯಾವ ಕ್ಯಾಸೆಟ್ಟನ್ನೂ ತಿರುಗಿಸುವುದಿಲ್ಲ.

ಹಳೆಯ ಕಾಗದ, ಆಲ್ಬಂ ಸರಿಮಾಡಿ ಕಾಪಾಡುವವರಿಗೆ

ವಿಷಯ: ಒಂದು ಡೈರಿ, ಒಂದು ಆಲ್ಬಂ

ನಮಸ್ಕಾರ,

ನಿಮ್ಮ ಕೆಲಸ ಏನು ಅನ್ನುವುದು ನನಗೆ ಸ್ವಲ್ಪ ಮಾತ್ರ ಗೊತ್ತು. ನಮ್ಮ ಕೈಯಲ್ಲಿರುವುದು ನಿಮ್ಮ ಹತ್ತಿರ ಬರಬೇಕಾದ ವಸ್ತುವೋ, ಸುಮ್ನೆ ಸ್ಕ್ಯಾನ್ ಮಾಡಿಸಿ ಎತ್ತಿಡಬೇಕಾದದ್ದೋ ಅನ್ನುವುದೂ ತಿಳಿದಿಲ್ಲ. ನೋಡಿದವರಿಗೆ ಒಂದೇ ನೋಟಕ್ಕೆ ಗೊತ್ತಾಗಬಹುದು ಅಂತ ಫೋಟೋ ಜೊತೆಗೆ ಕಳಿಸುತ್ತಿದ್ದೇನೆ.

ಡೈರಿ ನಮ್ಮ ಅಜ್ಜನದು. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಎರಡು ಪುಟಗಳಲ್ಲಿ ಅಕ್ಷರ ಇದ್ದ ಕಡೆ ಕಾಗದವೇ ತೂತಾಗಿದೆ, ಶಾಯಿಯೇ ಕಾಗದವನ್ನು ತಿಂದ ಹಾಗೆ. ಆಲ್ಬಂ ಪ್ಲಾಸ್ಟಿಕ್ ಹಾಳೆ ಎಳೆದು ಫೋಟೋ ಅಂಟಿಸುವ ಥರದ್ದು. ಅಂಟಿನ ಗೆರೆಗಳು ಹಳದಿಯಾಗಿವೆ. ಒಂದು ಫೋಟೋದ ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿದೆ. ಬರಲಿಲ್ಲ, ಅಲ್ಲಿಗೇ ಬಿಟ್ಟೆ.

ಎರಡನ್ನೂ ಈಗ ಮಲಗಿಸಿ, ಬಿಸಿಲು ಬೀಳದ ಕಪಾಟಿನಲ್ಲಿ ಇಟ್ಟಿದ್ದೇವೆ. ಇದು ಸರಿಯೇ ಅಂತ ಹೇಳಿದರೂ ದೊಡ್ಡ ಉಪಕಾರ. ಕೆಲಸದ ಮಾತು ಆಮೇಲೆ ಆಡೋಣ.

ಹಾರ್ಡ್ ಡಿಸ್ಕಿನಿಂದ ಡೇಟಾ ತೆಗೆದುಕೊಡುವವರಿಗೆ

ವಿಷಯ: ಸದ್ದು ಮಾಡುವ ಹಾರ್ಡ್ ಡಿಸ್ಕ್, ಆಫ್ ಮಾಡಿ ಇಟ್ಟಿದ್ದೇವೆ

ನಮಸ್ಕಾರ. ಅಪ್ಪನ ಕೊನೆಯ ವರ್ಷಗಳ ಫೋಟೋಗಳು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಹಚ್ಚಿದಾಗ ಟಕ್ ಟಕ್ ಸದ್ದು ಬಂತು, ಕಂಪ್ಯೂಟರಿನಲ್ಲಿ ಏನೂ ಕಾಣಲಿಲ್ಲ. ಕೂಡಲೇ ತೆಗೆದೆವು, ಮತ್ತೆ ಹಚ್ಚಿಲ್ಲ. ಬಿಚ್ಚಿಲ್ಲ, ಯಾವ ಸಾಫ್ಟ್‌ವೇರೂ ಓಡಿಸಿಲ್ಲ. ಬೇರೆಲ್ಲೂ ಕಾಪಿ ಇಲ್ಲ. ಫೋಟೋ ವಾಪಸ್ ಬರುತ್ತದೆಯೇ ಅಂತ ಡಿಸ್ಕ್ ನೋಡದೆ ನೀವೂ ಹೇಳಲಾರಿರಿ, ಅದು ಗೊತ್ತು. ನಿಮ್ಮ ಕಡೆ ಇಂಥ ಡಿಸ್ಕ್ ಬಂದರೆ ಮೊದಲು ಏನು ಮಾಡುತ್ತೀರಿ ಅನ್ನುವುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿದರೆ, ಅದನ್ನು ಓದಿ ನಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ.

*(ಇದನ್ನು ಚಿಕ್ಕದಾಗಿಯೇ ಬಿಡು. ಅವರಿಗೆ ಬೇಕಾದ್ದು ಸದ್ದು ಎಂಥದ್ದು, ಆಮೇಲೆ ನಾವೇನು ಮಾಡಿದೆವು, ಅಷ್ಟೇ.)*

ವೆಬ್‌ಸೈಟಿನ ಚಿಕ್ಕ ಡಬ್ಬಿಯಲ್ಲೇ ಬರೆಯಬೇಕಾದರೆ

ನಮಸ್ಕಾರ. ತಂದೆಯವರ ಟ್ರಂಕಿನಲ್ಲಿ ನೆಗೆಟಿವ್, ಕ್ಯಾಸೆಟ್, ಡೈರಿ, ಆಲ್ಬಂ ಸಿಕ್ಕಿವೆ. ಕೆಲವು ಕೆಡಲು ಶುರುವಾಗಿವೆ. ನಮಗೆ ಏನು ಬೇಕು ಅಂತ ಹೇಳುವಷ್ಟು ತಿಳಿವಳಿಕೆ ಇನ್ನೂ ಇಲ್ಲ. ಏನಿದೆ ಅನ್ನುವ ಪಟ್ಟಿ ಮತ್ತು ಫೋಟೋ ರೆಡಿ ಇದೆ. ಯಾವ ವಿಳಾಸಕ್ಕೆ ಕಳಿಸಲಿ?

ಮನೆಯ ಹಳೆಯ ಸಂಗ್ರಹ ಜೋಡಿಸಿಕೊಡುವವರಿಗೆ

ಅಕ್ಕ, ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬೇರೆಯವರಿಗಾದರೆ ತೋರಿಸಲು ಒಂದು ವಸ್ತು ಇದೆ. ಇಲ್ಲಿ ತೋರಿಸಬೇಕಾದದ್ದು ನಮ್ಮ ಗೊಂದಲ. ಮುಚ್ಚಿಡದೆ ಬರೆದಿದ್ದೇನೆ. ಕಳಿಸುವ ಮೊದಲು ತಮ್ಮನಿಗೂ ಓದಿಸು, ಅವನ ಮಾತೂ ಇದರಲ್ಲಿದೆ.

ವಿಷಯ: ಮೂರು ಜನ ಮಕ್ಕಳು, ಒಂದು ಟ್ರಂಕು

ನಮಸ್ಕಾರ,

ನಿಮಗೆ ಏನು ಕೆಲಸ ಕೊಡಬೇಕು ಅನ್ನುವುದನ್ನು ನಾವು ಮೂವರು ಇನ್ನೂ ತೀರ್ಮಾನ ಮಾಡಿಲ್ಲ. ಆದರೂ ಬರೆಯುತ್ತಿದ್ದೇನೆ. ತೀರ್ಮಾನ ಆದ ಮೇಲೆ ಬರೆಯೋಣ ಅಂದುಕೊಂಡರೆ ಅದು ಮುಂದೆ ಹೋಗುತ್ತಲೇ ಇರುತ್ತದೆ.

ನಮ್ಮ ತಂದೆ ಬಿಟ್ಟುಹೋದ ಟ್ರಂಕಿನಲ್ಲಿ ಫೋಟೋ, ನೆಗೆಟಿವ್, ಕ್ಯಾಸೆಟ್, ಕಾಗದಪತ್ರ, ಅಜ್ಜನ ಡೈರಿ ಎಲ್ಲವೂ ಕಲೆತಿವೆ. ಅಕ್ಕನಿಗೆ ಒಂದು ಚೀಟಿಯೂ ಬಿಡದೆ ಎಲ್ಲ ಸ್ಕ್ಯಾನ್ ಆಗಬೇಕು. ತಮ್ಮನಿಗೆ ಮನೆಯವರೆಲ್ಲ ಕೂತು ನೋಡುವಂಥ ಒಂದು ಪುಸ್ತಕ ಸಾಕು, ಸಾವಿರಾರು ಫೈಲ್ ಯಾರು ತೆಗೆದು ನೋಡುತ್ತಾರೆ ಅನ್ನುತ್ತಾನೆ. ನನಗೆ ಅಪ್ಪ ಇಟ್ಟ ಕ್ರಮ ಕೆಡಬಾರದು. ಯಾವ ಫೋಟೋದ ಜೊತೆ ಯಾವ ಕಾಗದ ಇಟ್ಟಿದ್ದರು ಅನ್ನುವುದರಲ್ಲೂ ಅವರು ಏನೋ ಹೇಳಿದ್ದಾರೆ ಅನಿಸುತ್ತದೆ. ಮೂವರ ಮಾತೂ ಒಟ್ಟಿಗೆ ನಡೆಯುತ್ತದೆಯೋ ಇಲ್ಲವೋ ತಿಳಿಯದು.

ಟ್ರಂಕು ತೆಗೆದ ದಿನ ಯಾವುದು ಎಲ್ಲಿತ್ತು ಅಂತ ಪದರ ಪದರವಾಗಿ ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದೇನೆ. ಕೆಡುತ್ತಿರುವ ಫಿಲ್ಮ್, ಬೂಷ್ಟು ಹಿಡಿದ ಕ್ಯಾಸೆಟ್‌ಗಳು, ಡೈರಿ, ಆಲ್ಬಂ ಇಷ್ಟನ್ನು ಮಾತ್ರ ಬೇರೆ ಮಾಡಿದ್ದೇವೆ, ಅವುಗಳ ಜಾಗದಲ್ಲಿ ಚೀಟಿ ಇಟ್ಟಿದ್ದೇವೆ. ಉಳಿದದ್ದು ಹಾಗೇ ಇದೆ. ಏನನ್ನೂ ಎಸೆದಿಲ್ಲ.

ಈಗ ನಮಗೆ ಬೇಕಾದದ್ದು ನಿಮ್ಮ ಅರ್ಧ ಗಂಟೆ. ಅದಕ್ಕೆ ಶುಲ್ಕ ಇದ್ದರೆ ಮೊದಲೇ ತಿಳಿಸಿ, ಸಂತೋಷವಾಗಿ ಕೊಡುತ್ತೇವೆ. ಮೂವರೂ ಒಟ್ಟಿಗೆ ಕರೆಯಲ್ಲಿ ಇರುತ್ತೇವೆ. ನೀವು ನಮ್ಮನ್ನು ಪ್ರಶ್ನೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇವೆ. ನಮ್ಮ ಮನೆಯ ಕೆಲಸ ನಿಮ್ಮಂಥವರಿಗೆ ತಕ್ಕದ್ದಲ್ಲ ಅಂತ ಕೊನೆಗೆ ನಿಮಗೆ ಅನಿಸಿದರೆ, ಅದನ್ನೂ ನೇರವಾಗಿ ಹೇಳಿ. ಯಾರ ಹತ್ತಿರ ಹೋಗಬೇಕು ಅಂತ ದಾರಿ ತೋರಿಸಿದರೂ ಸಾಕು.

ಭಾನುವಾರ ಬಿಟ್ಟು ಯಾವ ದಿನವಾದರೂ ಸಂಜೆ ಆರರ ಮೇಲೆ ಮೂವರೂ ಸಿಗುತ್ತೇವೆ.