ಫಲಿತಾಂಶಗಳು: ಒಂದರಿಂದ ಐದನೇ ತರಗತಿಯವರೆಗೆ ಓದಿನ ಅಂಕಗಳ ಬೆಳವಣಿಗೆ ರೇಖೆ

ದತ್ತಾಂಶದ ಸ್ವರೂಪ

ಮೊದಲ ಸುತ್ತಿನಲ್ಲಿ 19 ಶಾಲೆಗಳ 412 ಮಕ್ಕಳ ಓದನ್ನು ಅಳೆಯಲಾಯಿತು. ಎರಡನೇ ಸುತ್ತಿಗೆ 398, ಮೂರನೆಯದಕ್ಕೆ 379, ನಾಲ್ಕನೆಯದಕ್ಕೆ 361, ಐದನೆಯದಕ್ಕೆ 344 ಮಕ್ಕಳು ಸಿಕ್ಕರು. ಹೀಗೆ ಒಟ್ಟು 1,894 ಅಳತೆಗಳು ದೊರೆತವು. ಐದೂ ಸುತ್ತುಗಳಲ್ಲಿ ಇದ್ದವರು 327 ಮಕ್ಕಳು. ಸುತ್ತುಗಳ ಸರಾಸರಿ ಅಂಕ ಕ್ರಮವಾಗಿ 41.9, 59.2, 74.1, 84.0 ಮತ್ತು 90.9. ಅಂಕ ಏರುತ್ತಲೇ ಇದೆ, ಆದರೆ ಪ್ರತಿ ವರ್ಷದ ಏರಿಕೆ ಹಿಂದಿನ ವರ್ಷದ್ದಕ್ಕಿಂತ ಚಿಕ್ಕದು. ಮಾನಕ ವಿಚಲನೆ ಮೊದಲ ಎರಡು ಸುತ್ತುಗಳಲ್ಲಿ 12ರ ಆಸುಪಾಸಿನಲ್ಲಿದ್ದು, ಕೊನೆಯ ಸುತ್ತಿನ ಹೊತ್ತಿಗೆ 17.5 ಮುಟ್ಟಿತು. ಮುಂದಿನ ಮಾದರಿಗಳು ವಿವರಿಸಬೇಕಾದ ಮುಖ್ಯ ಸಂಗತಿ ಈ ಹರಡುವಿಕೆಯೇ.

ಪರೀಕ್ಷೆಗಳ ನಡುವೆ ಸಮಾನ ಪ್ರಶ್ನೆಗಳನ್ನಿಟ್ಟು ಐದೂ ತರಗತಿಗಳ ಅಂಕಗಳನ್ನು ಒಂದೇ ಮಾಪಕಕ್ಕೆ ತರಲಾಗಿದೆ. ಹಾಗಾಗಿ ಒಂದನೇ ತರಗತಿಯ 60 ಮತ್ತು ಮೂರನೇ ತರಗತಿಯ 60 ಒಂದೇ ಮಟ್ಟದ ಓದನ್ನು ಸೂಚಿಸುತ್ತವೆ. ಕಾಲವನ್ನು ಪ್ರತಿ ಮಗುವಿನ ಮೊದಲ ಪರೀಕ್ಷೆಯ ದಿನದಿಂದ ವರ್ಷಗಳಲ್ಲಿ ಎಣಿಸಿದ್ದೇವೆ. ಆದ್ದರಿಂದ ಕೆಳಗೆ 'ಆರಂಭಿಕ ಮಟ್ಟ' ಎಂದಿರುವುದೆಲ್ಲ ಒಂದನೇ ತರಗತಿಯ ಪ್ರವೇಶದ ಹೊತ್ತಿನ ಅಂಕ, 'ಆರಂಭಿಕ ದರ' ಎಂದರೆ ಆ ಕ್ಷಣದಲ್ಲಿ ವರ್ಷಕ್ಕೆ ಎಷ್ಟು ಅಂಕ ಏರುತ್ತಿದೆ ಎಂಬುದು.

ರೇಖೆಯ ಆಕಾರ

ಕಾಲವನ್ನು ಸೇರಿಸದ ಮಾದರಿಯಲ್ಲಿ ಮಕ್ಕಳ ನಡುವಿನ ವೇರಿಯನ್ಸ್ 57.1, ಒಂದೇ ಮಗುವಿನ ಅಳತೆಗಳ ನಡುವಿನದು 450.8. ಒಟ್ಟು ವ್ಯತ್ಯಾಸದಲ್ಲಿ ಮಕ್ಕಳ ನಡುವಿನ ಪಾಲು ಶೇ. 11 ಮಾತ್ರ. ಇದನ್ನು ನೋಡಿ 'ಮಕ್ಕಳಲ್ಲಿ ಅಂತರ ಕಡಿಮೆ' ಎಂದುಕೊಳ್ಳಬಾರದು: ನಾಲ್ಕು ವರ್ಷಗಳ ಬೆಳವಣಿಗೆಯೆಲ್ಲ ಇಲ್ಲಿ ಮಗುವಿನ ಒಳಗಿನ ವ್ಯತ್ಯಾಸವೆಂದೇ ಲೆಕ್ಕಕ್ಕೆ ಬಂದಿದೆ.

ಆರಂಭಿಕ ಮಟ್ಟ ಮತ್ತು ದರ ಎರಡೂ ಮಗುವಿನಿಂದ ಮಗುವಿಗೆ ಬದಲಾಗಬಲ್ಲ ಸರಳರೇಖೆ ಮಾದರಿಯ ಡೀವಿಯನ್ಸ್ 14,124.1. ಅದಕ್ಕೆ ಕಾಲದ ವರ್ಗಪದವನ್ನು ಸೇರಿಸಿದಾಗ ಡೀವಿಯನ್ಸ್ 13,690.3ಕ್ಕೆ ಇಳಿಯಿತು, χ²(1) = 433.8, p < 0.001, ಶೇಷ ವೇರಿಯನ್ಸ್ 47.2ರಿಂದ 31.5ಕ್ಕೆ ಬಂತು. ಇದೇ ಬಾಗಿದ ರೇಖೆಯಲ್ಲಿ ದರವನ್ನು ಎಲ್ಲ ಮಕ್ಕಳಿಗೂ ಒಂದೇ ಎಂದು ಕಟ್ಟಿಹಾಕಿದರೆ ಡೀವಿಯನ್ಸ್ 14,251.7ಕ್ಕೆ ಏರುತ್ತದೆ. ದರ ಮಗುವಿನಿಂದ ಮಗುವಿಗೆ ಬೇರೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಬಾಗುವಿಕೆಯೂ ಮಗುವಿನಿಂದ ಮಗುವಿಗೆ ಬೇರೆಯೇ ಎಂದು ನೋಡಲು ಹೋದಾಗ ಅದರ ವೇರಿಯನ್ಸ್ 0.09 ಮಾತ್ರ ಬಂತು, ದರದೊಂದಿಗಿನ ಸಹಸಂಬಂಧ −0.97ಕ್ಕೆ ಹೋಗಿ ಅಂಚಿಗೆ ಅಂಟಿಕೊಂಡಿತು. ಹೊಂದಾಣಿಕೆಯಲ್ಲೂ ಹೇಳಿಕೊಳ್ಳುವ ಲಾಭವಿರಲಿಲ್ಲ (ವ್ಯತ್ಯಾಸ 5.1; ಮಿಶ್ರ χ² ಹಂಚಿಕೆಯಂತೆ p = 0.12). ಬಾಗುವಿಕೆಯನ್ನು ಸ್ಥಿರ ಪರಿಣಾಮವಾಗಿ ಮಾತ್ರ ಇಟ್ಟುಕೊಂಡಿದ್ದೇವೆ.

ಈ ಮಾದರಿಯ ಪ್ರಕಾರ ಸರಾಸರಿ ಮಗು 41.8 ಅಂಕದಿಂದ (95% ವಿಶ್ವಾಸ ವ್ಯಾಪ್ತಿ 40.6ರಿಂದ 43.0) ಹೊರಡುತ್ತದೆ, ಆರಂಭಿಕ ದರ ವರ್ಷಕ್ಕೆ 19.6 ಅಂಕ (18.9ರಿಂದ 20.3), ವರ್ಗಪದ −1.85 (−2.01ರಿಂದ −1.69). ಅಂದರೆ ಏರಿಕೆಯ ದರ ವರ್ಷಕ್ಕೆ 3.7ರಷ್ಟು ತಗ್ಗುತ್ತಾ ಬಂದು, ನಾಲ್ಕನೇ ವರ್ಷದ ತುದಿಯಲ್ಲಿ 4.8ಕ್ಕೆ ಇಳಿಯುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ದರದ ಮಾನಕ ವಿಚಲನೆ 3.8 ಇರುವುದರಿಂದ, ಕೊನೆಯ ಬಿಂದುವಿನಲ್ಲಿ ಸುಮಾರು ಹತ್ತರಲ್ಲಿ ಒಂದು ಮಗುವಿನ ದರ ಸೊನ್ನೆಗಿಂತ ಕೆಳಗಿದೆ ಎಂದು ಸೂತ್ರ ಹೇಳುತ್ತದೆ. ಇದು ಎಲ್ಲರಿಗೂ ಒಂದೇ ಬಾಗುವಿಕೆ ಹೊಂದಿಸಿದ್ದರ ಫಲ. ಆ ಮಕ್ಕಳು ಕಲಿತ ಓದನ್ನು ಮರೆಯುತ್ತಿದ್ದಾರೆ ಎಂದು ಇದನ್ನು ಓದುವುದಕ್ಕಾಗಲಿ, ರೇಖೆಯನ್ನು ನಾಲ್ಕು ವರ್ಷದಾಚೆಗೆ ಎಳೆಯುವುದಕ್ಕಾಗಲಿ ಆಧಾರವಿಲ್ಲ.

ಅಂತರ ಕಿರಿದಾಗುತ್ತಿದೆಯೇ?

ಆರಂಭಿಕ ಮಟ್ಟದ ವೇರಿಯನ್ಸ್ 118.0, ದರದ ವೇರಿಯನ್ಸ್ 14.4, ಎರಡರ ನಡುವಿನ ಸಹಸಂಬಂಧ −0.21. ಹಿಂದೆ ಹೊರಟ ಮಕ್ಕಳು ವೇಗವಾಗಿ ಕಲಿತು ಮುಂದಿನವರನ್ನು ಹಿಡಿಯುತ್ತಿದ್ದಾರೆ ಎಂದು ಈ ಋಣಚಿಹ್ನೆಯನ್ನು ಓದುವ ಆಸೆ ಯಾರಿಗಾದರೂ ಬರಬಹುದು. ದತ್ತಾಂಶ ಆ ಓದಿಗೆ ಒಪ್ಪುವುದಿಲ್ಲ.

ಈ ಸಹಸಂಬಂಧ ಕಾಲದ ಸೊನ್ನೆಯನ್ನು ಎಲ್ಲಿಟ್ಟಿದ್ದೇವೆ ಎಂಬುದಕ್ಕೆ ಕಟ್ಟುಬಿದ್ದ ಸಂಖ್ಯೆ. ಅದೇ ಮಾದರಿಯಲ್ಲಿ ಸೊನ್ನೆಯನ್ನು ಕೊನೆಯ ಸುತ್ತಿಗೆ ಸರಿಸಿದರೆ ಹೊಂದಾಣಿಕೆ ಒಂದಿಷ್ಟೂ ಬದಲಾಗದು, ಆದರೆ ಸಹಸಂಬಂಧ 0.77 ಆಗುತ್ತದೆ: ಐದನೇ ತರಗತಿಯಲ್ಲಿ ಮುಂದಿರುವವರು ವೇಗವಾಗಿ ಬೆಳೆದವರೇ. ಅಂತರದ ಪ್ರಶ್ನೆಗೆ ನೇರ ಉತ್ತರ ಪ್ರತಿ ಹಂತದಲ್ಲಿ ಮಾದರಿ ಸೂಚಿಸುವ ವೇರಿಯನ್ಸ್‌ನಲ್ಲಿದೆ. ಶೇಷವನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಆರಂಭದಲ್ಲಿ 118.0, ಸುಮಾರು 0.6 ವರ್ಷದವರೆಗೆ ತುಸು ತಗ್ಗಿ, ಅಲ್ಲಿಂದ ಏರತೊಡಗಿ, ನಾಲ್ಕನೇ ವರ್ಷಕ್ಕೆ 279.2 ಆಗುತ್ತದೆ. ಕಿರಿದಾಗುವಿಕೆ ಮೊದಲ ಕೆಲವು ತಿಂಗಳ ಮಾತು, ಅದೂ ಅಲ್ಪ. ಆಮೇಲಿನ ಮೂರೂ ಚಿಲ್ಲರೆ ವರ್ಷಗಳಲ್ಲಿ ಮಕ್ಕಳು ಒಬ್ಬರಿಂದೊಬ್ಬರು ದೂರವಾಗುತ್ತಲೇ ಹೋಗಿದ್ದಾರೆ.

ಮೊದಲ ಸುತ್ತಿನಲ್ಲಿ 31 ಮಕ್ಕಳು (ಶೇ. 7.5) ಪರೀಕ್ಷೆಯ ತಳದ ಅಂಕದ ಹತ್ತಿರ ಇದ್ದರು ಎಂಬುದನ್ನೂ ಇಲ್ಲಿಯೇ ಹೇಳಬೇಕು. ತಳ ಮುಟ್ಟಿದ ಮಕ್ಕಳ ನಡುವಿನ ನಿಜವಾದ ವ್ಯತ್ಯಾಸ ಅಂಕದಲ್ಲಿ ಕಾಣುವುದಿಲ್ಲ, ಆದ್ದರಿಂದ ಆರಂಭದ 118.0 ತುಸು ಕಡಿಮೆ ಅಂದಾಜು ಇರಬಹುದು.

ಯಾವ ಮಕ್ಕಳು, ಯಾವ ರೇಖೆ

ಅಂತಿಮ ಮಾದರಿಗೆ ಮೂರು ವಿವರಣಾ ಚರಗಳು ಸೇರಿವೆ: ಪ್ರವೇಶದ ಹೊತ್ತಿಗೆ ಇದ್ದ ಅಕ್ಷರ–ಧ್ವನಿ ಜ್ಞಾನ (ಪ್ರಮಾಣೀಕೃತ ಅಂಕ), ಕನಿಷ್ಠ ಒಂದು ವರ್ಷದ ಶಾಲಾಪೂರ್ವ ಕಲಿಕೆ (263 ಮಕ್ಕಳು), ಮತ್ತು ಮನೆಮಾತು ಪರೀಕ್ಷೆಯ ಭಾಷೆಗಿಂತ ಬೇರೆ ಆಗಿರುವುದು (118 ಮಕ್ಕಳು). ಮೂರಕ್ಕೂ ಆರಂಭಿಕ ಮಟ್ಟದ ಮೇಲೂ ದರದ ಮೇಲೂ ಪರಿಣಾಮವಿರಲು ಅವಕಾಶ ಕೊಡಲಾಗಿದೆ.

```r
lmer(score ~ time * (letter_z + preschool + otherlang) +
       I(time^2) + (time | child), data = d, REML = FALSE)
```

ಡೀವಿಯನ್ಸ್ 13,483.6; ಹಿಂದಿನ ಮಾದರಿಗಿಂತ χ²(6) = 206.7, p < 0.001.

| ಪದ | ಅಂದಾಜು | ಪ್ರಮಾಣ ದೋಷ | 95% ವಿಶ್ವಾಸ ವ್ಯಾಪ್ತಿ |
|---|---|---|---|
| ಆರಂಭಿಕ ಮಟ್ಟ | 40.9 | 0.95 | 39.0, 42.8 |
| ಅಕ್ಷರ–ಧ್ವನಿ ಜ್ಞಾನ | 6.2 | 0.49 | 5.2, 7.2 |
| ಶಾಲಾಪೂರ್ವ ಕಲಿಕೆ | 3.3 | 1.01 | 1.3, 5.3 |
| ಬೇರೆ ಮನೆಮಾತು | −4.1 | 1.07 | −6.2, −2.0 |
| ಆರಂಭಿಕ ದರ (ಕಾಲ) | 20.4 | 0.50 | 19.4, 21.4 |
| ಕಾಲದ ವರ್ಗ | −1.85 | 0.08 | −2.01, −1.69 |
| ಕಾಲ × ಅಕ್ಷರ–ಧ್ವನಿ ಜ್ಞಾನ | 0.31 | 0.22 | −0.12, 0.74 |
| ಕಾಲ × ಶಾಲಾಪೂರ್ವ ಕಲಿಕೆ | −0.58 | 0.45 | −1.46, 0.30 |
| ಕಾಲ × ಬೇರೆ ಮನೆಮಾತು | −1.62 | 0.48 | −2.56, −0.68 |

ಅಕ್ಷರ–ಧ್ವನಿ ಜ್ಞಾನದಲ್ಲಿ ಒಂದು ಮಾನಕ ವಿಚಲನೆಯಷ್ಟು ಮುಂದಿರುವ ಮಗು 6.2 ಅಂಕ ಮುಂದೆ ಹೊರಡುತ್ತದೆ. ಆ ಮುನ್ನಡೆ ಮುಂದೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ (p = 0.16), ಕರಗುತ್ತದೆ ಎನ್ನಲಂತೂ ಇಲ್ಲವೇ ಇಲ್ಲ.

ಮನೆಮಾತಿನ ಫಲಿತಾಂಶವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲ ದಿನ 4.1 ಅಂಕ ಇದ್ದ ಅಂತರ ನಾಲ್ಕು ವರ್ಷದ ನಂತರ 10.6 ಆಗಿದೆ (7.1ರಿಂದ 14.1). ಶಾಲಾಪೂರ್ವ ಕಲಿಕೆ ಪಡೆದ, ಅಕ್ಷರ–ಧ್ವನಿ ಜ್ಞಾನ ಸರಾಸರಿ ಇರುವ ಇಬ್ಬರು ಮಕ್ಕಳನ್ನು ತೆಗೆದುಕೊಂಡರೆ, ಮನೆಮಾತೇ ಪರೀಕ್ಷೆಯ ಭಾಷೆಯಾಗಿರುವ ಮಗು 44.2ರಿಂದ 93.9ಕ್ಕೂ, ಮನೆಮಾತು ಬೇರೆಯಾಗಿರುವ ಮಗು 40.1ರಿಂದ 83.3ಕ್ಕೂ ಏರುತ್ತದೆ. ಮೊದಲ ಮಗು 83.3ನ್ನು ಸುಮಾರು 2.6ನೇ ವರ್ಷದಲ್ಲೇ ದಾಟಿರುತ್ತದೆ; ಎಂದರೆ ಅಂತರ 1.4 ವರ್ಷದ ಕಲಿಕೆಗೆ ಸಮ. ಈ 'ವರ್ಷ'ದ ಲೆಕ್ಕ ಕಣ್ಣಿಗೆ ಹೊಡೆಯುವಂಥದ್ದು, ಆದರೆ ಅದನ್ನೊಂದನ್ನೇ ಎತ್ತಿ ಹೇಳುವುದು ನ್ಯಾಯವಲ್ಲ: ರೇಖೆ ಮೇಲೆ ಹೋದಂತೆ ಚಪ್ಪಟೆಯಾಗುವುದರಿಂದ ಅದೇ 10 ಅಂಕ ಕೊನೆಯ ತರಗತಿಗಳಲ್ಲಿ ಹೆಚ್ಚು ವರ್ಷಗಳಂತೆ ತೋರುತ್ತದೆ. ನಾವು ಅಂಕದ ಅಂತರವನ್ನೇ ಮುಖ್ಯ ಫಲಿತಾಂಶವೆಂದು ಪರಿಗಣಿಸಿದ್ದೇವೆ. ಮನೆಮಾತಿಗೆ ತಕ್ಕಂತೆ ಬಾಗುವಿಕೆಯೂ ಬದಲಾಗುತ್ತದೆಯೇ ಎಂಬ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, χ²(1) = 1.7, p = 0.19.

ಶಾಲಾಪೂರ್ವ ಕಲಿಕೆಯ 3.3 ಅಂಕದ ಮುನ್ನಡೆ ನಾಲ್ಕನೇ ವರ್ಷಕ್ಕೆ 1.0 ಆಗಿ ತೋರುತ್ತದೆ (−2.3ರಿಂದ 4.2). ಆರಂಭದಲ್ಲಿ ಪರಿಣಾಮ ಕಂಡಿತು, ಕೊನೆಯಲ್ಲಿ ಕಾಣಲಿಲ್ಲ, ಆದ್ದರಿಂದ ಅದು ಮಾಸಿಹೋಯಿತು ಎಂಬ ವಾದ ನಿಲ್ಲುವುದಿಲ್ಲ. ಮಾಸಿತೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದ್ದು ದರದ ಮೇಲಿನ ಪರಿಣಾಮ. ಅದರ ವ್ಯಾಪ್ತಿ −1.46ರಿಂದ 0.30. ಮುನ್ನಡೆ ಪೂರ್ತಿ ಅಳಿಸಿಹೋಗಿರುವ ಸಾಧ್ಯತೆಯೂ, ಹಾಗೆಯೇ ಉಳಿದಿರುವ ಸಾಧ್ಯತೆಯೂ ಅದರೊಳಗೇ ಇವೆ.

ಮೂರೂ ಚರಗಳು ಸೇರಿ ಆರಂಭಿಕ ಮಟ್ಟದ ವೇರಿಯನ್ಸನ್ನು 118.0ರಿಂದ 69.6ಕ್ಕೆ, ಅಂದರೆ ಶೇ. 41ರಷ್ಟು ತಗ್ಗಿಸಿದವು. ದರದ ವೇರಿಯನ್ಸ್ ಮಾತ್ರ 14.4ರಿಂದ 13.6ಕ್ಕೆ ಬಂದು ನಿಂತಿತು, ಶೇ. 6ರಷ್ಟೇ ಇಳಿಕೆ. ಮಕ್ಕಳು ಎಲ್ಲಿಂದ ಹೊರಡುತ್ತಾರೆ ಎಂಬುದರ ಬಗ್ಗೆ ಈ ಚರಗಳು ಸಾಕಷ್ಟು ಹೇಳುತ್ತವೆ, ಯಾವ ವೇಗದಲ್ಲಿ ಹೋಗುತ್ತಾರೆ ಎಂಬುದರ ಬಗ್ಗೆ ಬಹುಪಾಲು ಮೌನ. ಉಳಿದ ಸಹಸಂಬಂಧ −0.37.

ಬಿಟ್ಟುಹೋದ ಅಳತೆಗಳು ಮತ್ತು ಇತರ ಪರಿಶೀಲನೆ

ಐದನೇ ಸುತ್ತಿಗೆ ಸಿಗದ 68 ಮಕ್ಕಳ ಮೊದಲ ಸುತ್ತಿನ ಸರಾಸರಿ 39.1, ಸಿಕ್ಕ 344 ಮಕ್ಕಳದ್ದು 42.4, ವ್ಯತ್ಯಾಸ 3.3 (0.1ರಿಂದ 6.5). ಬಿಟ್ಟುಹೋಗುವಿಕೆ ಕಾಕತಾಳೀಯವಲ್ಲ. ಲಭ್ಯವಿರುವ ಎಲ್ಲ ಅಳತೆಗಳನ್ನೂ ಬಳಸುವ ಗರಿಷ್ಠ ಸಂಭವನೀಯತೆಯ ವಿಧಾನ, ಹಿಂದಿನ ಅಂಕಗಳಿಂದ ವಿವರಿಸಬಹುದಾದ ಬಿಟ್ಟುಹೋಗುವಿಕೆಯನ್ನು ನಿಭಾಯಿಸುತ್ತದೆ. ಇನ್ನೂ ಅಳೆಯದ ಅಂಕವೇ ಗೈರುಹಾಜರಿಗೆ ಕಾರಣವಾಗಿದ್ದರೆ ಅದು ಸಾಲದು. ಆ ಸಾಧ್ಯತೆಯನ್ನು ಪರೀಕ್ಷಿಸಲು ಬಹು-ಆರೋಪಣೆಯಿಂದ ತುಂಬಿದ ಅಂಕಗಳಿಂದ ತಲಾ 5 ಅಂಕ ಕಳೆದು ಮಾದರಿಯನ್ನು ಮತ್ತೆ ಹೊಂದಿಸಿದೆವು. ದರದ ಮೇಲೆ ಮನೆಮಾತಿನ ಪರಿಣಾಮ −1.62ರ ಬದಲು −1.71 ಬಂತು.

ಸುತ್ತಿನಿಂದ ಸುತ್ತಿಗೆ ಶೇಷ ವೇರಿಯನ್ಸ್ ಬದಲಾಗಲು ಬಿಟ್ಟಾಗ ಮೊದಲ ಸುತ್ತಿನದು 39.4, ಉಳಿದವು 28.9ರಿಂದ 31.7ರ ನಡುವೆ ಇದ್ದವು (χ²(4) = 9.8, p = 0.044); ಸ್ಥಿರ ಪರಿಣಾಮಗಳಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. ಶಾಲೆಯನ್ನು ಮೂರನೇ ಹಂತವಾಗಿ ಸೇರಿಸಿದಾಗ ಶಾಲೆಗಳ ನಡುವಿನ ವೇರಿಯನ್ಸ್ 5.8, ದರದ ಮೇಲೆ ಮನೆಮಾತಿನ ಪರಿಣಾಮ −1.55 (ಪ್ರಮಾಣ ದೋಷ 0.49). ಶಾಲೆಯಿಂದ ಶಾಲೆಗೆ ಈ ಪರಿಣಾಮವೇ ಬದಲಾಗುತ್ತದೆಯೇ ಎಂದು ಅಂದಾಜಿಸಲು 19 ಶಾಲೆಗಳು ಸಾಲವು. ಆ ಮಾದರಿಯನ್ನು ಹೊಂದಿಸಿಲ್ಲ.